ಎಣಿಕೆಯ ತೊಡಕು: ಅವಿನಾಶಿಯ ಒಂದು ಮಗುವಿನ ನಿದರ್ಶನ

2023ರ ಜೂನ್ ತಿಂಗಳಲ್ಲಿ ಪರಿಚಯದ ನೇಕಾರ ಹಿರಿಯರೊಬ್ಬರು ತಮ್ಮ ಮೊಮ್ಮಗಳ ಲೆಕ್ಕದ ಪುಸ್ತಕವನ್ನು ಹಿಡಿದು ಅವಿನಾಶಿಯ ನಮ್ಮ ಮನೆಗೆ ಬಂದರು. ಮಗುವಿಗೆ ಒಂಬತ್ತು ವರ್ಷ, ನಾಲ್ಕನೆಯ ತರಗತಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. ಈ ಸುತ್ತಿನ ಮಗ್ಗದ ಮನೆಗಳ ಮಕ್ಕಳೆಲ್ಲರ ಪಾಡೂ ಅದೇ ಆದುದರಿಂದ ಅದರಲ್ಲಿ ವಿಶೇಷವೇನೂ ಇರಲಿಲ್ಲ. ಪುಸ್ತಕದಲ್ಲಿ 42ರಿಂದ 17 ಕಳೆದು 35 ಎಂದು ಬರೆದಿತ್ತು. ಮೇಲಿನ 2ರಿಂದ ಕೆಳಗಿನ 7 ಹೋಗದೆಂದು 7ರಿಂದ 2 ಕಳೆಯುವ ಈ ತಪ್ಪನ್ನು ಯಾವ ಶಾಲೆಯಲ್ಲಿಯೂ ಕಾಣಬಹುದು. ನಮ್ಮ ಕಣ್ಣನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು. 8ಕ್ಕೆ 1 ಕೂಡು ಎಂಬ ಲೆಕ್ಕದ ಪಕ್ಕದಲ್ಲಿ ಎಂಟು ಗೀಟು, ಮತ್ತೊಂದು ಗೀಟು ಎಳೆದು, ಮೊದಲಿನಿಂದ ಎಣಿಸಿ, 9 ಎಂದು ಸರಿಯಾಗಿಯೇ ಬರೆದಿತ್ತು. ಮೂರು ಸಾಲಿನ ಕೆಳಗೆ ಅದೇ ಲೆಕ್ಕ ಮತ್ತೆ ಬಂದಾಗ ಮತ್ತೆ ಒಂಬತ್ತು ಗೀಟು.

"ಓದೋದು ಬರುತ್ತೆ ಮೇಷ್ಟ್ರೇ, ಕತೆ ಹೇಳು ಅಂದ್ರೆ ನನಗಿಂತ ಚೆನ್ನಾಗಿ ಹೇಳ್ತಾಳೆ. ಅಂಗಡಿಗೆ ಕಳಿಸಿದ್ರೆ ಮಾತ್ರ ಅಳ್ತಾ ಬರ್ತಾಳೆ. ಲೆಕ್ಕದ ಪರೀಕ್ಷೆ ದಿನ ಹೊಟ್ಟೆನೋವು ಅಂತ ಮಲಗಿಬಿಡ್ತಾಳೆ. ಬುದ್ಧಿ ಮಂದ ಇರಬೇಕು ಅಂತಾನೆ ಅವರಪ್ಪ" ಎಂದರು ಹಿರಿಯರು.

ಈ ಮಾತನ್ನು ಕೇಳಿದಾಗ ನಮಗೆ ಇಪ್ಪತ್ತೈದು ವರ್ಷಗಳ ಹಿಂದಿನ ಒಬ್ಬ ಹುಡುಗ ನೆನಪಾದನು. ಆಗ ನಾವು ಬೇರೊಂದು ಊರಿನಲ್ಲಿ ಉಪಾಧ್ಯಾಯರು. ಅವನ ಪುಸ್ತಕದಲ್ಲಿಯೂ ಇಂತಹವೇ ಗೀಟುಗಳಿದ್ದವು. ಅದನ್ನು ಸೋಮಾರಿತನವೆಂದು ತಿಳಿದು ಏಳರ ಮಗ್ಗಿಯನ್ನು ನೂರು ಸಲ ಬರೆಸಿದೆವು. ಬರೆದನು, ಮರುದಿನ ಕೇಳಿದಾಗ ಬರಲಿಲ್ಲ. ಎಂಟನೆಯ ತರಗತಿಯ ನಡುವೆ ಶಾಲೆ ಬಿಟ್ಟನು. ಆದುದರಿಂದ ಈ ಸಲ ಮಗ್ಗಿಯ ಮಾತೆತ್ತದೆ, ಮಗುವಿಗೆ ಎಲ್ಲಿಯವರೆಗೆ ಗೊತ್ತಿದೆ ಎಂಬುದನ್ನು ಮೊದಲು ನೋಡುವುದೆಂದು ನಿಶ್ಚಯಿಸಿದೆವು.

ಈ ತೊಡಕಿಗೆ ಡಿಸ್ಕ್ಯಾಲ್ಕುಲಿಯಾ ಎಂದು ಹೆಸರು. ಸಂಸ್ಕೃತದಿಂದ 'ಗಣನಾಕ್ಷಮತೆ' ಎಂದು ಮಾಡಿದರೆ, ಗಣನೆಯ ಅಕ್ಷಮತೆ ಎಂದೂ ಗಣನೆಯ ಕ್ಷಮತೆ ಎಂದೂ ಎರಡು ಬಗೆಯಾಗಿ ಬಿಡಿಸಲು ಬರುವುದರಿಂದ, ನಾವು 'ಎಣಿಕೆಯ ತೊಡಕು' ಎಂದೇ ಹೇಳುತ್ತೇವೆ. ಮಿದುಳಿಗೆ ಪೆಟ್ಟಾಗಿ ಲೆಕ್ಕ ಮರೆತ ದೊಡ್ಡವರ ಸ್ಥಿತಿಯನ್ನು ಸ್ವೀಡನ್ನಿನ ವೈದ್ಯ ಹೆನ್ಷೆನ್ ಸುಮಾರು ನೂರು ವರ್ಷಗಳ ಹಿಂದೆಯೇ ವರ್ಣಿಸಿದ್ದನು. ಯಾವ ಪೆಟ್ಟೂ ಇಲ್ಲದೆ, ಬೆಳೆಯುವಾಗಲೇ ಈ ಒಂದು ಶಕ್ತಿ ಮಾತ್ರ ಹಿಂದುಳಿದ ಮಕ್ಕಳನ್ನು ಬ್ರಾಟಿಸ್ಲಾವದ ಲಾಡಿಸ್ಲಾವ್ ಕೊಶ್ಚ್ 1974ರಲ್ಲಿ ವಿವರವಾಗಿ ಚರ್ಚಿಸಿದರು. ಅವರು ಪರೀಕ್ಷಿಸಿದ ಮಕ್ಕಳಲ್ಲಿ ನೂರಕ್ಕೆ ಆರರಷ್ಟು ಮಂದಿಗೆ ಈ ತೊಡಕಿತ್ತು. ನಮ್ಮ ದೇಶದಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಇದನ್ನು ಕಲಿಕೆಯ ತೊಡಕುಗಳಲ್ಲಿ ಒಂದಾಗಿ ಹೆಸರಿಟ್ಟು ಹೇಳಿದೆ.

ಆದರೆ ಲೆಕ್ಕ ಬಾರದ ಮಗುವಿಗೆಲ್ಲ ಈ ಹೆಸರನ್ನು ಅಂಟಿಸುವುದು ದೊಡ್ಡ ತಪ್ಪು. ಈ ಹುಡುಗಿಯ ವಿಷಯದಲ್ಲಿ ಮೂರು ಸಂಶಯಗಳನ್ನು ಮೊದಲು ಪರಿಹರಿಸಿಕೊಳ್ಳಬೇಕಾಗಿತ್ತು. ಕಣ್ಣು ಕಿವಿಗಳಲ್ಲಿ ದೋಷವಿದೆಯೇ ಎಂಬುದು ಒಂದು, ತೋರಿಸಿದಾಗ ಇಲ್ಲವೆಂದಾಯಿತು. ಎರಡನೆಯದು, ಪಾಠವೇ ಆಗದೆ ಹೋಯಿತೇ ಎಂಬುದು. ಈಕೆ ಒಂದನೆಯ ತರಗತಿಗೆ ಸೇರಬೇಕಾದ 2020ರಲ್ಲಿ ಶಾಲೆಗಳು ಮುಚ್ಚಿದ್ದವು. ಚಿಕ್ಕ ಮಕ್ಕಳಿಗೆ ಬಾಗಿಲು ತೆರೆದದ್ದು 2021ರ ನವೆಂಬರಿನಲ್ಲಿ. ಬೀಜ ಬಿತ್ತದ ಹೊಲದಲ್ಲಿ ಪೈರಿಲ್ಲವೆಂದು ಮಣ್ಣನ್ನು ದೂರಲಾಗದು. ಮೂರನೆಯದು ಭಾಷೆ. ಇದನ್ನು ಗಡಿಭಾಗದ ಉಪಾಧ್ಯಾಯರಾದ ನಾವು ಇತರರಿಗಿಂತ ಚೆನ್ನಾಗಿ ಅರಿಯಬಲ್ಲೆವು. ಆದರೂ ಅನೇಕ ವೇಳೆ ಗಮನಿಸುವುದಿಲ್ಲ.

ತೊಡಕು ಯಾವುದು, ಪಾಠದ ಕೊರತೆ ಯಾವುದು ಎಂದು ಬೇರ್ಪಡಿಸಲು ನಮಗೆ ಸಿಕ್ಕ ಉಪಾಯ ಸುಲಭವಾದದ್ದು. ಅದೇ ತರಗತಿಯ, ಅದೇ ಬೀದಿಯ, ಮನೆಯಲ್ಲಿ ಕನ್ನಡವನ್ನೇ ಆಡುವ ಇನ್ನೂ ಐದು ಮಕ್ಕಳನ್ನು ಕರೆದು, ಹುಡುಗಿಗೆ ಕೇಳಿದುದನ್ನೆಲ್ಲ ಅವರಿಗೂ ಕೇಳಿದೆವು. ಶಾಲೆ ಮುಚ್ಚಿದ ಕಾಲ ಆರೂ ಮಂದಿಗೆ ಒಂದೇ, ಭಾಷೆಯೂ ಒಂದೇ. ಇಷ್ಟಾದ ಮೇಲೆಯೂ ಉಳಿಯುವ ವ್ಯತ್ಯಾಸವೇ ನಾವು ಹುಡುಕುವ ವ್ಯತ್ಯಾಸ.

ಮೊದಲು ಅಂಕಿಯೂ ಇಲ್ಲದ, ಲೆಕ್ಕವೂ ಇಲ್ಲದ ಪರೀಕ್ಷೆ. ರಟ್ಟಿನ ಚೀಟಿಗಳ ಮೇಲೆ ಒಂದರಿಂದ ಒಂಬತ್ತರವರೆಗೆ ಚುಕ್ಕೆಗಳನ್ನು ಚೆಲ್ಲಾಪಿಲ್ಲಿಯಾಗಿ ಇಟ್ಟು, ಒಂದೊಂದನ್ನೇ ತೋರಿಸಿ "ಎಷ್ಟು?" ಎಂದು ಕೇಳುವುದು; ಉತ್ತರ ಬರಲು ಹಿಡಿದ ಕಾಲವನ್ನು ಗಡಿಯಾರದಲ್ಲಿ ನೋಡುವುದು. ಮೂರು, ಹೆಚ್ಚೆಂದರೆ ನಾಲ್ಕು ವಸ್ತುಗಳವರೆಗೆ ಮನುಷ್ಯನು ಎಣಿಸುವುದಿಲ್ಲ, ತಟ್ಟನೆ ಕಾಣುತ್ತಾನೆ. ಐದರಿಂದ ಮೇಲೆ ಮಾತ್ರ ಒಂದೊಂದಾಗಿ ಎಣಿಸುವುದರಿಂದ ಪ್ರತಿ ಚುಕ್ಕೆಗೂ ಕಾಲ ಸ್ವಲ್ಪ ಸ್ವಲ್ಪ ಹೆಚ್ಚುತ್ತದೆ. ಐದು ಮಕ್ಕಳೂ ಮೂರು ಚುಕ್ಕೆಯ ಚೀಟಿಗೆ ನಾವು ಕೇಳಿ ಮುಗಿಸುವ ಮೊದಲೇ ಉತ್ತರ ಹೇಳಿದರು. ನಮ್ಮ ಹುಡುಗಿ ಮೂರು ಚುಕ್ಕೆಗೆ ಗಲ್ಲವನ್ನು ಮೂರು ಸಲ ಅಲುಗಿಸಿ, ಎರಡು ಸೆಕೆಂಡಿನ ಮೇಲೆ "ಮೂರು" ಎಂದಳು. ಏಳಕ್ಕೆ ಆರು ಸೆಕೆಂಡಿಗೂ ಹೆಚ್ಚು ಹಿಡಿಯಿತು. ಉತ್ತರ ಸರಿಯೋ ತಪ್ಪೋ ಎಂದಷ್ಟೇ ನೋಡಿದ್ದರೆ ಈಕೆ ಪಾಸಾಗಿಬಿಡುತ್ತಿದ್ದಳು. ಗಲ್ಲವನ್ನೂ ಗಡಿಯಾರವನ್ನೂ ನೋಡಿದುದರಿಂದ ವಿಷಯ ತಿಳಿಯಿತು.

ಅನಂತರ ಎರಡೆರಡು ಅಂಕಿಗಳನ್ನು ತೋರಿಸಿ ದೊಡ್ಡದು ಯಾವುದೆಂದು ಕೇಳಿದೆವು. 2 ಮತ್ತು 9 ಎಂಬಂತಹ ದೂರದ ಜೋಡಿಗೆ ಬೇಗನೆಯೂ, 8 ಮತ್ತು 9 ಎಂಬಂತಹ ಹತ್ತಿರದ ಜೋಡಿಗೆ ತುಸು ತಡವಾಗಿಯೂ ಉತ್ತರಿಸುವುದು ಎಲ್ಲರಿಗೂ ಸಹಜ. ಈಕೆಗೆ 2 ಮತ್ತು 9ಕ್ಕೇ ತಡ. 8 ಮತ್ತು 9ಕ್ಕೆ ತುಟಿಯೊಳಗೆ ಒಂದರಿಂದ ಎಣಿಸಿ, ಮೊದಲು ಬಂದದ್ದು ಚಿಕ್ಕದೆಂದು ತೀರ್ಮಾನಿಸುತ್ತಿದ್ದಳು. ಅಂದರೆ ಸಂಖ್ಯೆಗಳು ಅವಳಿಗೆ ಪರಿಮಾಣಗಳಾಗಿರಲಿಲ್ಲ. ಸಾಲಾಗಿ ಹೇಳುವ ಪದ್ಯದ ಮಾತುಗಳಾಗಿದ್ದವು. ಪದ್ಯದ ನಡುವಿನಿಂದ ಪ್ರಾರಂಭಿಸುವುದು ಎಷ್ಟು ಕಷ್ಟವೋ ಏಳರಿಂದ ಮುಂದಕ್ಕೆ ಎಣಿಸುವುದೂ ಅಷ್ಟೇ ಕಷ್ಟ. ಹಿಂದಕ್ಕೆ ಎಣಿಸುವುದಂತೂ ಇಪ್ಪತ್ತಮೂರರಿಂದ ಹೊರಟು ಇಪ್ಪತ್ತಕ್ಕೆ ಬಂದು ನಿಂತೇಹೋಯಿತು. ಎಂಟು ಗೀಟು ಎಳೆದ ಮೇಲೆ ಮತ್ತೊಂದು ಗೀಟು ಎಳೆದರೆ ಮೊದಲಿನಿಂದ ಏಕೆ ಎಣಿಸುತ್ತಿದ್ದಳೆಂಬುದು ಆಗ ನಮಗೆ ಅರ್ಥವಾಯಿತು.

ಮೂರನೆಯ ಪರೀಕ್ಷೆ ನೂಲಿನದು. ಒಂದು ಮೀಟರ್ ನೂಲನ್ನು ಎರಡು ಮೊಳೆಗಳ ನಡುವೆ ಬಿಗಿದು, ಎಡಗೊನೆ ಸೊನ್ನೆ, ಬಲಗೊನೆ ನೂರು ಎಂದು ಹೇಳಿ, ಕೇಳಿದ ಸಂಖ್ಯೆಯ ಜಾಗದಲ್ಲಿ ಬಟ್ಟೆಯ ಕ್ಲಿಪ್ಪನ್ನು ಹಾಕಲು ಹೇಳುವುದು. ಸೆಂಟಿಮೀಟರ್ ಒಂದಕ್ಕೆ ಸಂಖ್ಯೆ ಒಂದು ಆಗುವುದರಿಂದ ಆಮೇಲೆ ಅಳತೆ ಪಟ್ಟಿ ಹಿಡಿದರೆ ತಪ್ಪು ಎಷ್ಟೆಂದು ಒಡನೆ ತಿಳಿಯುತ್ತದೆ. ಹತ್ತನ್ನು 31ರಲ್ಲಿ ಹಾಕಿದಳು, ಐವತ್ತನ್ನು 58ರಲ್ಲಿ, ತೊಂಬತ್ತನ್ನು 72ರಲ್ಲಿ. ಚಿಕ್ಕ ಸಂಖ್ಯೆಗಳನ್ನು ಅಗಲಿಸಿ ದೊಡ್ಡವನ್ನು ಒತ್ತೊತ್ತಾಗಿ ಇಡುವ ಈ ಕ್ರಮ ಆರು ವರ್ಷದ ಮಗುವಿಗೆ ಸಹಜ. ಒಂಬತ್ತಕ್ಕೆ ಅದು ಬಹುಮಟ್ಟಿಗೆ ನೇರವಾಗಿರಬೇಕು.

ಆಮೇಲೆ ಅವಳ ಶಾಲೆಯ ಭಾಷೆಯಲ್ಲಿ "ತೊಣ್ಣೂರು" ಎಂದೆವು. ಹುಡುಗಿ ಬಲಗೊನೆಯ ಮೊಳೆಯ ಬಳಿಗೆ ಹೋಗಿ, ಕ್ಲಿಪ್ಪನ್ನು ಕೈಯಲ್ಲೇ ಹಿಡಿದು, "ಇದರ ಆಚೆ ನೂಲು ಇಲ್ವಾ ತಾತ?" ಎಂದು ಅಜ್ಜನನ್ನು ಕೇಳಿದಳು. ನಾವು ಬೆರಗಾದೆವು. ತಮಿಳಿನಲ್ಲಿ ಎಂಬತ್ತು 'ಎಣ್ಬದು'; ಅದರಲ್ಲಿ ಹತ್ತಿದೆ. ತೊಂಬತ್ತು ಮಾತ್ರ 'ತೊಣ್ಣೂರು', ಅದರಲ್ಲಿ ನೂರಿದೆ. ಒಂಬೈನೂರಕ್ಕೆ 'ತೊಳ್ಳಾಯಿರಂ' ಎನ್ನುವರು, ಅದರಲ್ಲಿ ಸಾವಿರವಿದೆ. ಭಾಷಾಶಾಸ್ತ್ರದ ದೃಷ್ಟಿಯಿಂದ ಇವು ಸ್ವಾರಸ್ಯವಾದ ಹಳೆಯ ರೂಪಗಳೇ. ಆದರೆ ಮನೆಯಲ್ಲಿ ತೊಂಬತ್ತು ಎಂದು ಕೇಳಿ ಬಂದ ಮಗುವಿಗೆ 'ತೊಣ್ಣೂರು' ಎಂಬುದು ನೂರಕ್ಕಿಂತ ದೊಡ್ಡದಾವುದೋ ಒಂದು. ಕನ್ನಡವೂ ನಿರ್ದೋಷಿಯಲ್ಲ, ಒಂಬತ್ತು, ತೊಂಬತ್ತುಗಳು ಕಿವಿಗೆ ಅವಳಿಜವಳಿಗಳು. ಹನ್ನೆರಡು ಎಂಬುದರೊಳಗೆ ಹತ್ತಿದೆಯೆಂದು ಪಂಡಿತನಿಗೆ ಗೊತ್ತು, ಮಗುವಿಗೆ ಗೊತ್ತಿಲ್ಲ. ಚೀನೀ ಭಾಷೆಯಲ್ಲಿ ಹನ್ನೆರಡಕ್ಕೆ 'ಹತ್ತು ಎರಡು' ಎಂದೇ ಹೇಳುತ್ತಾರೆ. ಅಲ್ಲಿನ ಮಕ್ಕಳಿಗೆ ಈ ಮೊದಲ ಕಷ್ಟ ಕಡಿಮೆ.

ಹಾಗಾದರೆ ಇದೆಲ್ಲವೂ ಭಾಷೆಯ ತೊಂದರೆಯೇ? ಉಳಿದ ಐದು ಮಕ್ಕಳಲ್ಲಿ ಇಬ್ಬರು ತೊಣ್ಣೂರಿಗೆ ತಡವರಿಸಿದರು. "ಅದು ತೊಂಬತ್ತೇ" ಎಂದು ಒಂದು ಸಲ ಹೇಳಿದೊಡನೆ ಕ್ಲಿಪ್ಪನ್ನು ಸರಿಯಾದ ಜಾಗಕ್ಕೆ ತಂದರು. ನಮ್ಮ ಹುಡುಗಿಗೆ ಹೇಳಿದಾಗ ಅದನ್ನು ತೆಗೆದುಕೊಂಡು ಹೋಗಿ 72ರಲ್ಲಿಯೇ ಹಾಕಿದಳು. ಭಾಷೆಯ ಪೊರೆಯನ್ನು ತೆಗೆದ ಮೇಲೆಯೂ ಒಳಗಿನ ತೊಡಕು ಹಾಗೆಯೇ ಉಳಿಯಿತು. ಅದಲ್ಲದೆ, ಮೂರು ಚುಕ್ಕೆಯನ್ನು ತಟ್ಟನೆ ಕಾಣುವುದಕ್ಕೆ ಯಾವ ಭಾಷೆಯೂ ಬೇಕಾಗಿಲ್ಲವಷ್ಟೆ.

ಇಷ್ಟರಿಂದ ನಾವು ರೋಗನಿರ್ಣಯ ಮಾಡಿದೆವೆಂದು ಯಾರೂ ತಿಳಿಯಬಾರದು. ಉಪಾಧ್ಯಾಯನು ಸಂಶಯವನ್ನು ಗುರುತಿಸಬಹುದು. ಹೆಸರಿಡುವುದು ಮನಶ್ಶಾಸ್ತ್ರಜ್ಞರ ಕೆಲಸ. ಮೊದಲು ಸಾಮಾನ್ಯ ಬುದ್ಧಿಶಕ್ತಿಯನ್ನು ಅಳೆದು, ಆಮೇಲೆ ಓದು, ಬರಹ, ಲೆಕ್ಕಗಳನ್ನು ಬೇರೆಬೇರೆಯಾಗಿ ಪರೀಕ್ಷಿಸುತ್ತಾರೆ. ಇದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ರಚಿಸಿದ ಪರೀಕ್ಷಾಮಾಲೆ ದೇಶದಲ್ಲೆಲ್ಲ ಬಳಕೆಯಲ್ಲಿದೆ. ಕೊಯಮತ್ತೂರಿಗೆ ಕಳುಹಿಸಿ ಪರೀಕ್ಷೆ ಮಾಡಿಸಿದಾಗ ಬುದ್ಧಿಶಕ್ತಿ ವಯಸ್ಸಿಗೆ ತಕ್ಕಂತಿದೆ, ಓದು ಚೆನ್ನಾಗಿದೆ, ಲೆಕ್ಕ ಮಾತ್ರ ಬಹಳ ಹಿಂದಿದೆ ಎಂದು ವರದಿ ಬಂತು. 'ಬುದ್ಧಿ ಮಂದ' ಎಂಬ ಮಾತು ಆ ಮನೆಯಲ್ಲಿ ಅಂದಿಗೆ ನಿಂತಿತು.

ಪಾಠ ಆಗಸ್ಟಿನಲ್ಲಿ ಪ್ರಾರಂಭವಾಯಿತು. ವಾರಕ್ಕೆ ಐದು ಸಂಜೆ, ಸಂಜೆಗೆ ಇಪ್ಪತ್ತೇ ನಿಮಿಷ. ಅದಕ್ಕಿಂತ ಹೆಚ್ಚಾದರೆ ಈ ಮಕ್ಕಳು ದಣಿದು ಊಹೆಗೆ ಇಳಿಯುತ್ತಾರೆ. ಪುಸ್ತಕ, ಸೀಸದ ಕಡ್ಡಿ ಎರಡನ್ನೂ ದೂರವಿಟ್ಟು, ಮನೆಯಲ್ಲಿದ್ದ ಅಳಗುಳಿಮಣೆಯನ್ನೂ ಹುಣಸೆಬೀಜವನ್ನೂ ತರಿಸಿದೆವು. ನಾಲ್ಕನೆಯ ತರಗತಿಯ ಮಗುವಿಗೆ ಐದರವರೆಗಿನ ಪಾಠವೇ ಎಂದು ತಂದೆಗೆ ಅಸಮಾಧಾನವಾಯಿತು. ಕೆಳಗಿನ ಎಳೆ ತುಂಡಾಗಿದ್ದರೆ ಮೇಲೆ ಎಷ್ಟು ನೇಯ್ದರೂ ಬಟ್ಟೆಯಾಗುವುದೇ ಎಂದು ಕೇಳಿದಾಗ ಸುಮ್ಮನಾದರು.

ಒಂದು ಗುಳಿಯಲ್ಲಿ ಬೀಜಗಳನ್ನಿಟ್ಟು ತೆಂಗಿನ ಚಿಪ್ಪಿನಿಂದ ಮುಚ್ಚುವುದು. ಒಂದು ಕ್ಷಣ ತೆಗೆದು ತೋರಿಸಿ ಮತ್ತೆ ಮುಚ್ಚುವುದು. ಎಣಿಸಲು ಕಾಲವಿಲ್ಲ, ನೋಡಲು ಮಾತ್ರ ಉಂಟು. ಮೊದಲು ಎರಡು ಮೂರುಗಳಲ್ಲಿಯೇ ಆಟ. ನಾಲ್ಕನ್ನು ಎರಡೂ ಎರಡಾಗಿ, ಐದನ್ನು ನಾಲ್ಕು ಮೂಲೆ ಮತ್ತು ನಡುವಿನ ಒಂದಾಗಿ ಇಟ್ಟೆವು. ಈ ಆಕಾರಗಳು ಕಣ್ಣಿಗೆ ಒಗ್ಗಿದ ಮೇಲೆ ಮಗುವಿಗೆ ಎಣಿಕೆಯ ಬದಲು ಬೇರೊಂದು ದಾರಿ ಸಿಗುತ್ತದೆ. ತಟ್ಟನೆ ಕಾಣುವ ಶಕ್ತಿಯೇ ಕುಂಠಿತವಾಗಿರುವಲ್ಲಿ, ಚಿಕ್ಕ ಗುಂಪುಗಳನ್ನು ಕೂಡಿಸಿ ನೋಡುವ ಅಭ್ಯಾಸವೇ ಊರುಗೋಲು. ಮುಂದಿನ ಆಟದಲ್ಲಿ ಐದು ಬೀಜವೆಂದು ತೋರಿಸಿ, ಕೆಲವನ್ನು ಚಿಪ್ಪಿನೊಳಗೆ ಸರಿಸಿ, "ಮೂರು ಹೊರಗಿವೆ, ಒಳಗೆಷ್ಟು?" ಎಂದು ಕೇಳುವುದು. ಕಳೆಯುವ ಲೆಕ್ಕದ ಬೇರು ಇಲ್ಲಿದೆ. ಇದಕ್ಕೇ ಏಳು ವಾರ ಹಿಡಿಯಿತು. ನಾವು ಎರಡು ವಾರವೆಂದು ಎಣಿಸಿದ್ದೆವು!

ಹತ್ತಕ್ಕೆ ಬಂದಾಗ ಬೆರಳುಗಳನ್ನು ಉಪಯೋಗಿಸಿಕೊಂಡೆವು. ಬೆರಳೆಣಿಸಿದರೆ ಹೊಡೆಯುವ ಪದ್ಧತಿ ನಮ್ಮ ಕಾಲದಲ್ಲಿತ್ತು. ಬೆರಳನ್ನು ನಿಷೇಧಿಸಿದರೆ ಮಗು ಅದನ್ನು ಮೇಜಿನ ಕೆಳಗೆ ಬಚ್ಚಿಡುತ್ತದೆಯೇ ಹೊರತು ಬಿಡುವುದಿಲ್ಲ. ಬೇಕಾದುದು ಬೆರಳನ್ನು ಒಂದೊಂದಾಗಿ ಮಡಿಸುವುದಲ್ಲ, ಒಟ್ಟಿಗೆ ತೋರಿಸುವುದು. ಏಳು ಎಂದೊಡನೆ ಒಂದು ಕೈ ಪೂರ್ತಿ, ಇನ್ನೊಂದರಲ್ಲಿ ಎರಡು. ಇದು ಕೂಡಿಬಂದ ಮೇಲೆ ಐದು ಕೆಂಪು, ಐದು ಬಿಳಿ ಮಣಿಗಳನ್ನು ಪೋಣಿಸಿದ ಸರ. ಎಂಟಕ್ಕೆ ಇನ್ನೆಷ್ಟು ಸೇರಿದರೆ ಹತ್ತು ಎಂಬುದು ಸರದಲ್ಲಿ ಕಣ್ಣಿಗೆ ಕಾಣುತ್ತದೆ. ಎಂಟಕ್ಕೆ ಮೂರು ಕೂಡುವುದೆಂದರೆ ಎರಡು ಕೊಟ್ಟು ಹತ್ತು ಮಾಡಿ, ಉಳಿದ ಒಂದನ್ನು ಇಡುವುದು. ದೀಪಾವಳಿ ಕಳೆದು ಕೆಲವು ದಿನಗಳ ಮೇಲೆ, ಎಂಟಕ್ಕೆ ಒಂದು ಎಂದಾಗ, ಹುಡುಗಿ ಗೀಟೆಳೆಯದೆ "ಒಂಬತ್ತು" ಎಂದು ಹೇಳಿ, ತಾನು ಹೇಳಿದ್ದಕ್ಕೆ ತಾನೇ ಬೆದರಿ ನಮ್ಮ ಮುಖವನ್ನು ನೋಡಿದಳು.

ದಶಕಗಳ ಪಾಠದಲ್ಲಿ ನಾವೇ ಎಡವಿದೆವು. ಕಸಬರಿಕೆಯ ಕಡ್ಡಿಗಳನ್ನು ಹತ್ತು ಹತ್ತಾಗಿ ನೂಲಿನಿಂದ ಕಟ್ಟಿಸಿದೆವು. ಮೂವತ್ತನಾಲ್ಕು ಎಂದರೆ ಮೂರು ಕಟ್ಟು, ನಾಲ್ಕು ಬಿಡಿಯನ್ನು ಕೊಡುತ್ತಿದ್ದಳು. ವಿಷಯ ತಿಳಿಯಿತೆಂದು ಮುಂದೆ ಹೋದೆವು. ಒಂದು ಸಂಜೆ ಆಕಸ್ಮಿಕವಾಗಿ, "ಮೂರು ಕಟ್ಟು ನಿನಗೆ, ಹದಿನಾಲ್ಕು ಬಿಡಿ ನನಗೆ, ಯಾರಿಗೆ ಹೆಚ್ಚು?" ಎಂದು ಕೇಳಿದೆವು. "ನಿಮಗೆ" ಎಂದಳು. ಕಟ್ಟು ಅವಳ ಲೆಕ್ಕದಲ್ಲಿ ಒಂದೇ ವಸ್ತು! ಉತ್ತರ ಸರಿಯಿದ್ದು ಅರ್ಥ ಶೂನ್ಯವಾಗಿರುವ ಇಂತಹ ಸ್ಥಿತಿಯನ್ನು ಹೊರಗೆಡಹಲು ಈ ಒಂದು ಪ್ರಶ್ನೆ ಸಾಕು. ಹಿಂದಕ್ಕೆ ಹೋಗಿ ಎರಡು ವಾರ ಕಟ್ಟುವುದೂ ಬಿಚ್ಚುವುದೂ ನಡೆಯಿತು. ಆಗಲೇ ಸಂಖ್ಯೆಗಳ ಹೆಸರನ್ನೂ ಬಿಚ್ಚಿದೆವು: ಹನ್ನೆರಡಕ್ಕೆ 'ಒಂದು ಹತ್ತು ಎರಡು', ಮೂವತ್ತನಾಲ್ಕಕ್ಕೆ 'ಮೂರು ಹತ್ತು ನಾಲ್ಕು', ತೊಂಬತ್ತಕ್ಕೆ 'ಒಂಬತ್ತು ಹತ್ತು'. ಒಂಬತ್ತು ಕಟ್ಟುಗಳ ರಾಶಿಯ ಮುಂದೆ ಇದನ್ನು ಹೇಳಿಸಿದ ಮೇಲೆ, ಅದೇ ರಾಶಿಯ ಪಕ್ಕದಲ್ಲಿ 'ತೊಂಬತ್ತು' ಎಂಬ ಚೀಟಿಯನ್ನೂ ತಮಿಳು ಲಿಪಿಯಲ್ಲಿ 'ತೊಣ್ಣೂರು' ಎಂಬ ಚೀಟಿಯನ್ನೂ ಇಟ್ಟೆವು. ಒಂದು ವಸ್ತುವಿಗೆ ಮನೆಯ ಹೆಸರೊಂದು, ಶಾಲೆಯ ಹೆಸರೊಂದು ಇರುವುದು ಹುಡುಗಿಗೆ ಹೊಸದಲ್ಲ. ಅವಳಿಗೇ ಎರಡು ಹೆಸರಿದ್ದವು.

ಅಂಕಿಯ ಬರಹ ಎಲ್ಲಕ್ಕಿಂತ ಕೊನೆಗೆ ಬಂತು. ನೂರ ಏಳು ಎಂದರೆ ಮೊದಲು 1007 ಎಂದು ಬರೆಯುತ್ತಿದ್ದಳು. ಕೇಳಿದಂತೆ ನೂರನ್ನು ಬರೆದು, ಏಳನ್ನು ಬರೆಯುವುದು. ಇದಕ್ಕೆ ಮಾಂಟೆಸೊರಿ ಶಾಲೆಗಳ ಚೀಟಿಗಳು ಬಹಳ ಪ್ರಯೋಜನಕಾರಿ. 100 ಎಂಬ ಉದ್ದದ ಚೀಟಿಯ ಬಲತುದಿಯ ಮೇಲೆ 7 ಎಂಬ ಚಿಕ್ಕ ಚೀಟಿಯನ್ನು ಹೊದಿಸಿದರೆ 107 ಕಾಣುತ್ತದೆ. ಚೀಟಿಯನ್ನು ಎತ್ತಿದರೆ ಸೊನ್ನೆ ಅಡಿಯಲ್ಲೇ ಇದೆ.

ತಿಂಗಳಿಗೊಮ್ಮೆ ಅದೇ ಚುಕ್ಕೆ ಚೀಟಿಗಳನ್ನೂ ಅದೇ ನೂಲನ್ನೂ ತಂದು ಅಳೆದು ಬರೆದಿಟ್ಟೆವು. 2024ರ ಮಾರ್ಚ್ ಹೊತ್ತಿಗೆ ತೊಂಬತ್ತರ ಕ್ಲಿಪ್ಪು 87ಕ್ಕೆ ಬಂದಿತ್ತು, ಹತ್ತು 14ರಲ್ಲಿತ್ತು. ನಾಲ್ಕು ಚುಕ್ಕೆಗಳನ್ನು ಗಲ್ಲ ಅಲುಗಿಸದೆ ಹೇಳುತ್ತಿದ್ದಳು, ಆದರೆ ಜೊತೆಯವರಿಗಿಂತ ಈಗಲೂ ನಿಧಾನ. ಇಪ್ಪತ್ತು ರೂಪಾಯಿ ಕೊಟ್ಟು ಹದಿಮೂರರ ಸಾಮಾನು ತಂದು, ಏಳು ರೂಪಾಯಿ ಚಿಲ್ಲರೆಯನ್ನು ಅಜ್ಜನ ಕೈಗಿಟ್ಟಳು. ಅಂಗಡಿಯವನು ಮೊದಲು ಆರು ಕೊಟ್ಟಿದ್ದನಂತೆ. ಮುಳ್ಳಿನ ಗಡಿಯಾರ ನೋಡುವುದು ಮಾತ್ರ ಕೈಹಿಡಿಯಲಿಲ್ಲ. ಮಗ್ಗಿಗಳಲ್ಲಿ ಎರಡು, ಐದು, ಹತ್ತು ಬಂದವು; ಉಳಿದವು ಇಂದು ಬಂದರೆ ನಾಳೆ ಇಲ್ಲ. ಬಾಯಿಪಾಠ ನಿಲ್ಲದಿರುವುದು ಈ ತೊಡಕಿನ ಅತ್ಯಂತ ಹಟಮಾರಿ ಲಕ್ಷಣ. ಎಷ್ಟು ಪಾಠ ಮಾಡಿದರೂ ಅದು ಪೂರ್ತಿ ಹೋಗುವುದಿಲ್ಲವೆಂದು ತಂದೆಗೂ ತಿಳಿಸಿದೆವು.

2025ರ ಜೂನಿನಲ್ಲಿ ಹುಡುಗಿ ಆರನೆಯ ತರಗತಿಗೆ ನಮ್ಮ ಪ್ರೌಢಶಾಲೆಗೇ ಸೇರಿದಳು. ಏಳೆಂಟಲೆಷ್ಟು ಎಂದು ತರಗತಿಯಲ್ಲಿ ಕೇಳಿದಾಗ ಉಳಿದವರು ಒಟ್ಟಾಗಿ ಕೂಗುತ್ತಾರೆ. ಈಕೆ ಐದೆಂಟಲ ನಲವತ್ತು, ಎರಡೆಂಟಲ ಹದಿನಾರು ಎಂದು ಮೆಲ್ಲಗೆ ಹೇಳಿಕೊಂಡು, ನಲವತ್ತರ ಮೇಲೆ ಒಂದು ಹತ್ತನ್ನೂ ಆರನ್ನೂ ಇಟ್ಟು, ಎಲ್ಲರೂ ಕುಳಿತ ಮೇಲೆ ಐವತ್ತಾರು ಎನ್ನುತ್ತಾಳೆ. ಅವಳ ಲೆಕ್ಕದ ಉಪಾಧ್ಯಾಯರಿಗೆ ಅಷ್ಟು ಹೊತ್ತು ಕಾಯುವಂತೆ ಹೇಳಿದ್ದೇವೆ.